ಘಟಿಕೋತ್ಸವದ ನಂತರ ಪದವಿ ಪ್ರಮಾಣಪತ್ರದಲ್ಲಿ ಹೆಸರಿನ ತಿದ್ದುಪಡಿ ಕೋರಿ ಕುಲಸಚಿವರಿಗೆ ಪತ್ರ

ಇವರಿಂದ,
ನೆಲ್ಲಿಯಂಡ ಪೊನ್ನಪ್ಪ ಬೊಳ್ಳಮ್ಮ
ಬೇಟೋಳಿ ಗ್ರಾಮ, ವಿರಾಜಪೇಟೆ ತಾಲ್ಲೂಕು
ಕೊಡಗು ಜಿಲ್ಲೆ – 571218

ಇವರಿಗೆ,
ಮಾನ್ಯ ಕುಲಸಚಿವರು (ಮೌಲ್ಯಮಾಪನ)
ವಿಶ್ವವಿದ್ಯಾಲಯದ ಪರೀಕ್ಷಾಂಗ ವಿಭಾಗ

ಮೂಲಕ: ಪ್ರಾಂಶುಪಾಲರು, ನಾನು ವ್ಯಾಸಂಗ ಮಾಡಿದ ಕಾಲೇಜು

ದಿನಾಂಕ: 16-06-2025

ವಿಷಯ: ಬಿ.ಕಾಂ. ಪದವಿ ಪ್ರಮಾಣಪತ್ರದಲ್ಲಿ ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ತಪ್ಪಾಗಿ ಮುದ್ರಣವಾಗಿರುವ ಹೆಸರನ್ನು ಸರಿಪಡಿಸಿ ಹೊಸ ಪ್ರಮಾಣಪತ್ರ ನೀಡುವ ಬಗ್ಗೆ.

ಉಲ್ಲೇಖ: ನೋಂದಣಿ ಸಂಖ್ಯೆ 213407, ಪದವಿ ಪ್ರಮಾಣಪತ್ರದ ಕ್ರಮಸಂಖ್ಯೆ 048216, ಘಟಿಕೋತ್ಸವದ ದಿನಾಂಕ 22-03-2025.

ಮಾನ್ಯರೇ,

ನಾನು 2021–22ರಲ್ಲಿ ಬಿ.ಕಾಂ.ಗೆ ಸೇರಿ 2024ರಲ್ಲಿ ಆರನೇ ಸೆಮಿಸ್ಟರ್ ಮುಗಿಸಿದ್ದೇನೆ. ಘಟಿಕೋತ್ಸವದಲ್ಲಿ ಗೈರುಹಾಜರಿಯಲ್ಲಿ ಪದವಿ ಪಡೆದಿದ್ದು, ಪ್ರಮಾಣಪತ್ರ ಕಾಲೇಜಿನ ಟಪಾಲಿನ ಮೂಲಕ ನನ್ನ ಕೈಸೇರಿದೆ. ಅದರಲ್ಲಿ ನನ್ನ ಹೆಸರು ತಪ್ಪಾಗಿ ಅಚ್ಚಾಗಿದೆ.

ಇಂಗ್ಲಿಷಿನಲ್ಲಿ ಈಗ ಇರುವುದು: NELLIYANDA PONNAPPA BOLAMMA
ಇರಬೇಕಾದದ್ದು: NELLIYANDA PONNAPPA BOLLAMMA

ಕನ್ನಡದಲ್ಲಿ ಈಗ ಇರುವುದು: ನೆಲ್ಲಿಯಂದ ಪೊನ್ನಪ್ಪ ಬೋಲಮ್ಮ
ಇರಬೇಕಾದದ್ದು: ನೆಲ್ಲಿಯಂಡ ಪೊನ್ನಪ್ಪ ಬೊಳ್ಳಮ್ಮ

ಇಂಗ್ಲಿಷಿನಲ್ಲಿ ಬಿಟ್ಟುಹೋಗಿರುವುದು ಒಂದು L ಮಾತ್ರ. ಕನ್ನಡದಲ್ಲಿ ಮನೆತನದ ಹೆಸರಿನ ಕೊನೆಯ ‘ಡ’ ‘ದ’ ಆಗಿದೆ, ‘ಬೊ’ ದೀರ್ಘವಾಗಿದೆ, ‘ಳ್ಳ’ ಇದ್ದಲ್ಲಿ ‘ಲ’ ಬಂದಿದೆ. ಜನ್ಮ ದಿನಾಂಕ, ಪದವಿಯ ಹೆಸರು, ತೇರ್ಗಡೆಯಾದ ವರ್ಷ ಮತ್ತು ದರ್ಜೆ ಎಲ್ಲವೂ ಸರಿಯಾಗಿವೆ. ಅವುಗಳಲ್ಲಿ ಯಾವ ಬದಲಾವಣೆಯನ್ನೂ ಕೋರುತ್ತಿಲ್ಲ.

ಇದು ಹೆಸರು ಬದಲಾವಣೆಯ ಅರ್ಜಿ ಅಲ್ಲ ಎಂಬುದನ್ನು ದಯವಿಟ್ಟು ಗಮನಿಸಬೇಕು. ಮದುವೆ ಅಥವಾ ಬೇರೆ ಕಾರಣದಿಂದ ಹೊಸ ಹೆಸರು ಇಟ್ಟುಕೊಂಡವರು ರಾಜ್ಯಪತ್ರದ ಪ್ರಕಟಣೆಯಂಥ ದಾಖಲೆ ತರಬೇಕಾಗಬಹುದು. ನನ್ನ ಹೆಸರು ಶಾಲೆಗೆ ಸೇರಿದಾಗಿನಿಂದ ಇಂದಿನವರೆಗೂ ಒಂದೇ. ಆದ್ದರಿಂದ ಈ ಅರ್ಜಿಯನ್ನು ಮುದ್ರಣದೋಷದ ತಿದ್ದುಪಡಿಯಾಗಿ ಪರಿಗಣಿಸಬೇಕೆಂದು ವಿನಂತಿ. ಹೆಸರು ಬದಲಾವಣೆಯ ಕಡತಕ್ಕೆ ಸೇರಿಬಿಟ್ಟರೆ, ನನ್ನ ಬಳಿ ಇಲ್ಲದ, ಇರಬೇಕಾಗಿಯೂ ಇಲ್ಲದ ದಾಖಲೆಗಳನ್ನು ಕೇಳಿ ಅರ್ಜಿ ಹಿಂದಕ್ಕೆ ಬರುತ್ತದೆ.

ತಪ್ಪು ಯಾವ ಹಂತದಲ್ಲಿ ನುಸುಳಿದೆ ಎಂಬುದು ದಾಖಲೆಗಳನ್ನು ಕಾಲಕ್ರಮದಲ್ಲಿ ಜೋಡಿಸಿದರೆ ತಿಳಿಯುತ್ತದೆ. ಎಸ್ಎಸ್ಎಲ್‌ಸಿ ಮತ್ತು ದ್ವಿತೀಯ ಪಿಯುಸಿ ಅಂಕಪಟ್ಟಿಗಳಲ್ಲಿ ಇಂಗ್ಲಿಷ್ ಹೆಸರು ಎರಡು L ಇಟ್ಟು ಸರಿಯಾಗಿದೆ. ವಿಶ್ವವಿದ್ಯಾಲಯವೇ ನೀಡಿರುವ ಆರೂ ಸೆಮಿಸ್ಟರ್‌ಗಳ ಅಂಕಪಟ್ಟಿ, ಕ್ರೋಢೀಕೃತ ಅಂಕಪಟ್ಟಿ ಹಾಗೂ ತಾತ್ಕಾಲಿಕ ಪದವಿ ಪ್ರಮಾಣಪತ್ರದಲ್ಲಿಯೂ ಹಾಗೆಯೇ ಇದೆ. ಘಟಿಕೋತ್ಸವಕ್ಕೆ ಆನ್‌ಲೈನಿನಲ್ಲಿ ಸಲ್ಲಿಸಿದ ಅರ್ಜಿಯ ಮುದ್ರಿತ ಪ್ರತಿಯಲ್ಲಿ ಕನ್ನಡ, ಇಂಗ್ಲಿಷ್ ಎರಡೂ ಸರಿಯಾಗಿವೆ. ಅದರ ಮೇಲೆ ಕಾಲೇಜಿನ ಪರಿಶೀಲನೆಯ ಸಹಿ, ಮೊಹರು ಇವೆ. ಹಾಗಾಗಿ ಅರ್ಜಿ ಸ್ವೀಕೃತವಾದ ಮೇಲೆ, ಪ್ರಮಾಣಪತ್ರ ಅಚ್ಚಾಗುವ ಮೊದಲು, ಮುದ್ರಣದ ಪಟ್ಟಿ ಸಿದ್ಧವಾಗುವಾಗ ಈ ವ್ಯತ್ಯಾಸ ಆಗಿರುವಂತೆ ತೋರುತ್ತದೆ.

ಕನ್ನಡದ ಸಾಲಿನಲ್ಲಿ ಆಗಿರುವ ಮೂರೂ ತಪ್ಪುಗಳು ಒಂದೇ ಬಗೆಯವು. ಇಂಗ್ಲಿಷಿನ D ಅಕ್ಷರ ‘ದ’ಕ್ಕೂ ‘ಡ’ಕ್ಕೂ ಒಂದೇ, L ‘ಲ’ಕ್ಕೂ ‘ಳ’ಕ್ಕೂ ಒಂದೇ, O ‘ಒ’ಗೂ ‘ಓ’ಗೂ ಒಂದೇ. ಕನ್ನಡ ಹೆಸರನ್ನು ಅರ್ಜಿಯಿಂದ ತೆಗೆದುಕೊಳ್ಳದೆ ಇಂಗ್ಲಿಷ್ ಹೆಸರಿನಿಂದ ಲಿಪ್ಯಂತರ ಮಾಡಿದರೆ ಇದೇ ರೂಪ ಬರುತ್ತದೆ. ಹೀಗಾಗಿ ಇಂಗ್ಲಿಷಿನಲ್ಲಿ ಒಂದು L ಸೇರಿಸಿ ಮತ್ತೆ ಅದೇ ರೀತಿ ಮುದ್ರಿಸಿದರೆ ಕನ್ನಡದಲ್ಲಿ ‘ನೆಲ್ಲಿಯಂದ ಬೊಲ್ಲಮ್ಮ’ ಎಂದೇ ಬರುವ ಸಾಧ್ಯತೆ ಇದೆ. ಕನ್ನಡದ ಸಾಲನ್ನು ಈ ಪತ್ರದಲ್ಲಿರುವಂತೆ ನೇರವಾಗಿ ಕನ್ನಡದಲ್ಲಿಯೇ ಟೈಪ್ ಮಾಡಿಸಬೇಕೆಂದು ಪ್ರಾರ್ಥಿಸುತ್ತೇನೆ. ಹಳೆಯ ನುಡಿ ಅಕ್ಷರವಿನ್ಯಾಸದಿಂದ ಯುನಿಕೋಡ್‌ಗೆ ಬದಲಿಸುವ ಹಂತವೇನಾದರೂ ಇದ್ದರೆ ‘ಲ್ಲಿ’, ‘ನ್ನ’, ‘ಪ್ಪ’, ‘ಳ್ಳ’, ‘ಮ್ಮ’ ಈ ಐದು ಒತ್ತಕ್ಷರಗಳನ್ನು ಒಮ್ಮೆ ನೋಡಿಕೊಳ್ಳುವುದು ಒಳಿತು.

ಕೊಡಗಿನಲ್ಲಿ ‘ಅಂಡ’ ಎಂದು ಮುಗಿಯುವ ಮನೆತನದ ಹೆಸರುಗಳು ಬಹಳ. ನಮ್ಮಲ್ಲಿ ಒಬ್ಬರು ಯಾವ ಒಕ್ಕದವರು ಎಂದು ತಿಳಿಯುವುದೇ ಈ ಹೆಸರಿನಿಂದ. ಅದು ಹೆಸರಿನ ಜೊತೆಗಿಟ್ಟ ಅಲಂಕಾರವಲ್ಲ. ಇದೇ ಘಟಿಕೋತ್ಸವದ ಪಟ್ಟಿಯಲ್ಲಿ ಈ ಜಿಲ್ಲೆಯ ಇತರ ವಿದ್ಯಾರ್ಥಿಗಳ ಹೆಸರುಗಳೂ ‘ಅಂದ’ ಎಂದು ಅಚ್ಚಾಗಿವೆಯೇ ಎಂದು ಕಚೇರಿಯಿಂದ ಒಮ್ಮೆ ಪರಿಶೀಲಿಸಿದರೆ ಎಲ್ಲರಿಗೂ ಉಪಕಾರವಾಗುತ್ತದೆ. ಪ್ರಮಾಣಪತ್ರವನ್ನು ಕಪಾಟಿನಲ್ಲಿಟ್ಟು, ವರ್ಷಗಳ ನಂತರ ಕೆಲಸಕ್ಕೆಂದು ತೆಗೆದಾಗ ತಪ್ಪು ಕಂಡವರಿಗೆ ಆಗ ಸರಿಪಡಿಸಿಕೊಳ್ಳುವುದು ಇನ್ನೂ ಕಷ್ಟ.

ಆಧಾರ್ ಬಗ್ಗೆಯೂ ಮೊದಲೇ ತಿಳಿಸುತ್ತೇನೆ. ಅದರಲ್ಲಿ ನನ್ನ ಹೆಸರು BOLLAMMA N P ಎಂದಿದೆ. ಮನೆತನ ಮತ್ತು ತಂದೆಯ ಹೆಸರು ಮೊದಲಕ್ಷರಗಳಾಗಿ ಕೊನೆಗೆ ಹೋಗಿವೆ, ಅಷ್ಟೇ. ಪ್ರಮಾಣಪತ್ರವನ್ನು ಆಧಾರ್‌ಗೆ ಹೊಂದಿಸಬೇಕೆಂದು ಕೋರುತ್ತಿಲ್ಲ; ಎಸ್ಎಸ್ಎಲ್‌ಸಿ ಅಂಕಪಟ್ಟಿಯಂತೆ ಪೂರ್ಣ ಹೆಸರೇ ಇರಬೇಕು. ಎರಡೂ ರೂಪಗಳು ಒಬ್ಬಳದೇ ಎಂದು ನೋಟರಿಯವರ ಮುಂದೆ 100 ರೂಪಾಯಿ ಇ-ಸ್ಟಾಂಪ್ ಕಾಗದದಲ್ಲಿ ಮಾಡಿದ ಪ್ರಮಾಣಿತ ಹೇಳಿಕೆ ಲಗತ್ತಿಸಿದೆ. ಕನ್ನಡ ರೂಪಕ್ಕೆ ಆಧಾರವಾಗಿ ಜನನ ಪ್ರಮಾಣಪತ್ರ ಮತ್ತು ಪ್ರೌಢಶಾಲೆಯ ವರ್ಗಾವಣೆ ಪತ್ರ ಇಟ್ಟಿದ್ದೇನೆ. ಎರಡರಲ್ಲೂ ‘ನೆಲ್ಲಿಯಂಡ’, ‘ಬೊಳ್ಳಮ್ಮ’ ಎಂದು ಸ್ಪಷ್ಟವಾಗಿದೆ.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆ ಹೀಗಿದೆ:

ಮೊದಲು ವಿಶ್ವವಿದ್ಯಾಲಯದ ಪದವೀಧರರ ದಾಖಲೆಯಲ್ಲಿ ಹೆಸರು ಸರಿಪಡಿಸಿ, ಆ ತಿದ್ದಿದ ದಾಖಲೆಯಿಂದಲೇ ಹೊಸ ಪ್ರಮಾಣಪತ್ರ ಮುದ್ರಿಸಬೇಕು. ಕಾಗದ ಮಾತ್ರ ಬದಲಾಗಿ ದಾಖಲೆಯಲ್ಲಿ ಹಳೆಯ ತಪ್ಪು ಉಳಿದರೆ, ನಾಳೆ ಉದ್ಯೋಗದಾತರು ನೈಜತೆ ಪರಿಶೀಲನೆಗೆ ಬರೆದಾಗ ‘ಈ ಹೆಸರಿನ ಪದವೀಧರರು ಇಲ್ಲ’ ಎಂಬ ಉತ್ತರ ಹೋಗುತ್ತದೆ. ಅದೇ ರೀತಿ ಡಿಜಿಲಾಕರ್‌ನ ನ್ಯಾಷನಲ್ ಅಕಾಡೆಮಿಕ್ ಡೆಪಾಸಿಟರಿಗೆ ಹಳೆಯ ಪ್ರಮಾಣಪತ್ರ ಏರಿಸಿದ್ದರೆ ಅದನ್ನು ಹಿಂಪಡೆದು ತಿದ್ದಿದ್ದನ್ನು ಏರಿಸಬೇಕು. ಒಂದೇ ಪದವಿಗೆ ಎರಡು ಹೆಸರಿನ ಎರಡು ದಾಖಲೆಗಳು ಉಳಿಯುವುದು ಒಂದು ತಪ್ಪು ಉಳಿಯುವುದಕ್ಕಿಂತ ಹೆಚ್ಚು ತೊಂದರೆ ಕೊಡುತ್ತದೆ.

ಈಗಿನ ಪ್ರಮಾಣಪತ್ರದ ಮೇಲೆಯೇ ಕೈಬರಹದಲ್ಲಿ ತಿದ್ದಿ ಮೊಹರು ಹಾಕುವುದು ಬೇಡವೆಂದು ವಿನಂತಿಸುತ್ತೇನೆ. ಅಂಥ ತಿದ್ದುಪಡಿಯನ್ನು ನೇಮಕಾತಿಯ ಪರಿಶೀಲನೆಯಲ್ಲಿ ತಿರುಚಿದ್ದೆಂದು ಸಂಶಯಿಸುತ್ತಾರೆ. ಹೊಸ ಪ್ರತಿಯ ಮೇಲೆ ‘ನಕಲು ಪ್ರತಿ’ ಎಂಬ ಮೊಹರೂ ಬೇಡ, ಏಕೆಂದರೆ ಮೂಲ ಪ್ರತಿ ಕಳೆದುಹೋಗಿಲ್ಲ. ಅದು ತಮ್ಮ ಕಚೇರಿಗೇ ಮರಳುತ್ತದೆ. ಪದವಿ ಪ್ರದಾನದ ದಿನಾಂಕ 22-03-2025 ಎಂದೇ ಇರಲಿ. ಕ್ರಮಸಂಖ್ಯೆ ಬದಲಾಗುವುದಾದರೆ, 048216 ರದ್ದಾಗಿದೆ ಮತ್ತು ಅದರ ಬದಲಿಗೆ ಯಾವ ಸಂಖ್ಯೆ ನೀಡಲಾಗಿದೆ ಎಂಬ ಒಂದು ಸಾಲಿನ ಪತ್ರ ಕೊಡಿಸಬೇಕು.

ಅಂತಿಮ ಮುದ್ರಣಕ್ಕೆ ಮೊದಲು ಹೆಸರಿನ ಎರಡೂ ಸಾಲುಗಳ ಕರಡನ್ನು, ಘಟಿಕೋತ್ಸವದ ಅರ್ಜಿಯಲ್ಲಿ ನಾನು ನೀಡಿರುವ ಇ-ಮೇಲ್‌ಗೆ ಕಳುಹಿಸಿದರೆ ಮರುದಿನದೊಳಗೆ ನೋಡಿ ಒಪ್ಪಿಗೆ ತಿಳಿಸುತ್ತೇನೆ. ಮಳೆಗಾಲದಲ್ಲಿ ನಮ್ಮ ಭಾಗದಲ್ಲಿ ವಿದ್ಯುತ್ ಮತ್ತು ನೆಟ್‌ವರ್ಕ್ ಕೈಕೊಡುವುದುಂಟು. ನನ್ನಿಂದ ಉತ್ತರ ತಡವಾದರೆ ಕಾಲೇಜಿನ ಕಚೇರಿಗೆ ಕರೆ ಮಾಡಿಸಬಹುದು. ಅಲ್ಲಿನ ಸಿಬ್ಬಂದಿಗೆ ಸರಿಯಾದ ಕಾಗುಣಿತವನ್ನು ಬರೆದುಕೊಟ್ಟಿದ್ದೇನೆ.

ಮೂಲ ಪ್ರಮಾಣಪತ್ರವನ್ನು ಈ ಅರ್ಜಿಯ ಜೊತೆ ಕಳುಹಿಸಿಲ್ಲ, ಪ್ರಾಂಶುಪಾಲರು ದೃಢೀಕರಿಸಿದ ಬಣ್ಣದ ಪ್ರತಿ ಮಾತ್ರ ಇಟ್ಟಿದ್ದೇನೆ. ಬ್ಯಾಂಕ್ ನೇಮಕಾತಿಯೊಂದರ ದಾಖಲೆ ಪರಿಶೀಲನೆ ಆಗಸ್ಟ್ ಮೊದಲ ವಾರದಲ್ಲಿದ್ದು, ಆಗ ಹೊಸದೂ ಇಲ್ಲದೆ ಹಳೆಯದೂ ಇಲ್ಲದ ಸ್ಥಿತಿ ಬರಬಾರದು. ಹೊಸ ಪ್ರತಿ ಸಿದ್ಧವಾದ ದಿನ ತಿಳಿಸಿದರೆ ಮೂಲ ಪ್ರತಿಯನ್ನು ಖುದ್ದಾಗಿ ತಂದು ಒಪ್ಪಿಸಿ ಹೊಸದನ್ನು ಪಡೆಯುತ್ತೇನೆ. ಮೂಲವನ್ನು ಲ್ಯಾಮಿನೇಷನ್ ಮಾಡಿಸಿಲ್ಲ, ಮಡಚಿಯೂ ಇಲ್ಲ. ನಿಯಮದ ಪ್ರಕಾರ ಅದನ್ನು ಮೊದಲೇ ಒಪ್ಪಿಸಲೇಬೇಕೆಂದಿದ್ದರೆ, ಕ್ರಮಸಂಖ್ಯೆ ನಮೂದಿಸಿದ ಸ್ವೀಕೃತಿ ನೀಡಬೇಕು.

ಜುಲೈ 31ರೊಳಗೆ ಹೊಸ ಪ್ರಮಾಣಪತ್ರ ಸಾಧ್ಯವಾಗದಿದ್ದರೆ, ನೋಂದಣಿ ಸಂಖ್ಯೆ 213407ರ ಅಭ್ಯರ್ಥಿಯ ಸರಿಯಾದ ಹೆಸರು ಏನು, ಪ್ರಮಾಣಪತ್ರದಲ್ಲಿ ಹೇಗೆ ಮುದ್ರಣವಾಗಿದೆ, ತಿದ್ದುಪಡಿ ಪ್ರಗತಿಯಲ್ಲಿದೆ ಎಂಬ ಮೂರು ಅಂಶಗಳಿರುವ ದೃಢೀಕರಣ ಪತ್ರವನ್ನು ಕಚೇರಿಯ ಪತ್ರಶೀರ್ಷಿಕೆಯಲ್ಲಿ, ತಮ್ಮ ಸಹಿ ಮತ್ತು ಮೊಹರಿನೊಂದಿಗೆ ದಯಪಾಲಿಸಬೇಕು. ತಾತ್ಕಾಲಿಕ ಪದವಿ ಪ್ರಮಾಣಪತ್ರ ಮತ್ತು ಅಂಕಪಟ್ಟಿಗಳ ಜೊತೆ ಈ ಪತ್ರವನ್ನೂ ಇಟ್ಟರೆ ಪರಿಶೀಲನೆಯಲ್ಲಿ ನನ್ನ ಅಭ್ಯರ್ಥಿತನ ಉಳಿಯಲು ಆಧಾರ ಸಿಗುತ್ತದೆ.

ನಾನು ಸಲ್ಲಿಸಿದ ಅರ್ಜಿಯಲ್ಲಿ ಹೆಸರು ಸರಿಯಾಗಿರುವುದರಿಂದ ತಿದ್ದುಪಡಿ ಶುಲ್ಕದಿಂದ ವಿನಾಯಿತಿ ನೀಡುವುದು ನ್ಯಾಯವೆಂದು ಭಾವಿಸುತ್ತೇನೆ. ಆದರೂ ಶುಲ್ಕ ಕಟ್ಟಲೇಬೇಕೆಂಬ ತೀರ್ಮಾನವಾದರೆ ಅರ್ಜಿಯನ್ನು ತಡೆಹಿಡಿಯದೆ ಮೊತ್ತ ಮತ್ತು ಚಲನ್‌ನಲ್ಲಿ ಬರೆಯಬೇಕಾದ ಲೆಕ್ಕ ಶೀರ್ಷಿಕೆಯನ್ನು ತಿಳಿಸಿ. ಕೂಡಲೇ ಕಟ್ಟಿ ರಸೀದಿ ಕಳುಹಿಸುತ್ತೇನೆ.

ಅಂಚೆಯಲ್ಲಿ ಕಳುಹಿಸುವುದಾದರೆ ಸ್ಪೀಡ್ ಪೋಸ್ಟ್‌ನಲ್ಲಿ, ಗಟ್ಟಿ ರಟ್ಟುಗಳ ನಡುವೆ ಇಟ್ಟು ಪ್ಲಾಸ್ಟಿಕ್ ಹೊದಿಕೆ ಹಾಕಿಸಬೇಕಾಗಿ ಬೇಡಿಕೆ. ಜೂನ್‌ನಿಂದ ಆಗಸ್ಟ್‌ವರೆಗೆ ಇಲ್ಲಿನ ಮಳೆಗೆ ಬರಿಯ ಲಕೋಟೆ ತಡೆಯುವುದಿಲ್ಲ, ನೀರು ತಾಗಿದರೆ ಶಾಯಿ, ಮೊಹರು ಎರಡೂ ಹರಡುತ್ತವೆ. ಲಕೋಟೆಯ ಮೇಲೂ ಹೆಸರನ್ನು ತಿದ್ದಿದ ರೂಪದಲ್ಲಿಯೇ ಬರೆಸಬೇಕು.

ಅರ್ಜಿಯ ಸ್ವೀಕೃತಿ ಸಂಖ್ಯೆ ಹಾಗೂ ಕಡತ ನೋಡುತ್ತಿರುವ ವಿಷಯ ನಿರ್ವಾಹಕರ ಆಸನದ ಹೆಸರನ್ನು ತಿಳಿಸಿದರೆ ಮುಂದಿನ ಪತ್ರಗಳಲ್ಲಿ ಅದನ್ನೇ ಉಲ್ಲೇಖಿಸುತ್ತೇನೆ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
(ಸಹಿ)
ನೆಲ್ಲಿಯಂಡ ಪೊನ್ನಪ್ಪ ಬೊಳ್ಳಮ್ಮ
NELLIYANDA PONNAPPA BOLLAMMA
ಸ್ಥಳ: ವಿರಾಜಪೇಟೆ

ಲಗತ್ತುಗಳು (ಪ್ರತಿ ಪುಟವೂ ಸ್ವಯಂ ದೃಢೀಕೃತ, 1 ಮತ್ತು 2 ಪ್ರಾಂಶುಪಾಲರಿಂದಲೂ ದೃಢೀಕೃತ):
1. ಪದವಿ ಪ್ರಮಾಣಪತ್ರದ ಬಣ್ಣದ ಪ್ರತಿ, ತಪ್ಪಿರುವ ಎರಡು ಸಾಲುಗಳ ಪಕ್ಕದಲ್ಲಿ ಪೆನ್ಸಿಲ್ ಗುರುತು ಸಹಿತ
2. ಘಟಿಕೋತ್ಸವ ಅರ್ಜಿಯ ಮುದ್ರಿತ ಪ್ರತಿ ಮತ್ತು ಶುಲ್ಕದ ರಸೀದಿ
3. ಎಸ್ಎಸ್ಎಲ್‌ಸಿ ಮತ್ತು ದ್ವಿತೀಯ ಪಿಯುಸಿ ಅಂಕಪಟ್ಟಿಗಳು
4. ಆರು ಸೆಮಿಸ್ಟರ್‌ಗಳ ಅಂಕಪಟ್ಟಿಗಳು, ಕ್ರೋಢೀಕೃತ ಅಂಕಪಟ್ಟಿ, ತಾತ್ಕಾಲಿಕ ಪದವಿ ಪ್ರಮಾಣಪತ್ರ
5. ಜನನ ಪ್ರಮಾಣಪತ್ರ, ಪ್ರೌಢಶಾಲೆಯ ವರ್ಗಾವಣೆ ಪತ್ರ
6. ಆಧಾರ್ ಪ್ರತಿ, ಮೊದಲ ಎಂಟು ಅಂಕಿಗಳನ್ನು ಮರೆಮಾಡಿದ್ದು
7. ನೋಟರಿ ಪ್ರಮಾಣಿತ ಹೇಳಿಕೆ, ಮೂಲ ಪ್ರತಿ

ಪ್ರತಿ: ಪ್ರಾಂಶುಪಾಲರಿಗೆ, ಶಿಫಾರಸಿನೊಂದಿಗೆ ರವಾನಿಸಲು ಮತ್ತು ಕಾಲೇಜಿನ ಪ್ರವೇಶ ದಾಖಲಾತಿ ಪುಸ್ತಕದಲ್ಲಿರುವ ಹೆಸರಿನ ದೃಢೀಕರಣವನ್ನು ಜೊತೆಗಿಡಲು ಕೋರಿ.