ಸಂಚಿಕೆ 23: ಮಳೆ ಹಿಡಿಯುವ ಮೊದಲು ಮದ್ದು ಹೊಡೆದಾಯ್ತಾ?

ಅವಧಿ: 1 ಗಂಟೆ 38 ನಿಮಿಷ

ಈ ಸಲ ಮಾತೆಲ್ಲ ಅಡಿಕೆ ಕೊಳೆರೋಗದ್ದು. ಹೊಸನಗರ ಕಡೆ ತೋಟ ಮಾಡುವ ಒಬ್ಬರು ಅಕ್ಕ, ತೀರ್ಥಹಳ್ಳಿ ಕಡೆಯ ಒಬ್ಬರು ಹಿರಿಯ ಕೊನೆಗಾರರು ಜೊತೆಗಿದ್ದಾರೆ. ಇಬ್ಬರೂ ಹೆಸರು ಬೇಡ ಎಂದರು. ಇಬ್ಬರ ಜಗಳ ಒಂದೇ: ರೋಗ ಕಂಡ ಮೇಲೆ ಹೊಡೆಯುವುದೋ, ಕಾಣುವ ಮೊದಲೇ ಹೊಡೆಯುವುದೋ. ಸಮಯ ಕಮ್ಮಿ ಇದ್ದವರು ಸೀದಾ 31:40ಕ್ಕೆ ಹೋಗಿ.

00:00 ಪರಿಚಯ
ಹಿಂದೆ ಕೇಳುವುದು ತಗಡಿನ ಮಾಡಿನ ಮೇಲಿನ ಮಳೆ. ಆರನೇ ನಿಮಿಷದ ನಂತರ ಕಮ್ಮಿಯಾಗುತ್ತದೆ.

04:15 ಕಾಯಿ ಯಾಕೆ ಉದುರುತ್ತದೆ?
ಕಾರಣ ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿ. ಇದರ ಬೀಜಕಣಗಳು ನೀರಿನಲ್ಲಿ ಈಜುತ್ತವೆ, ಮಳೆಹನಿ ಸಿಡಿದಂತೆ ಒಂದು ಅಡಿಕೆ ಕೊನೆಯಿಂದ ಇನ್ನೊಂದು ಕೊನೆಗೆ ಹಾರುತ್ತವೆ. ಮೊದಲು ತೊಟ್ಟಿನ ಹತ್ತಿರ ನೀರು ಕುಡಿದಂಥ ಕಲೆ, ಆಮೇಲೆ ಹಸಿ ಕಾಯಿಯೇ ನೆಲಕ್ಕೆ. ಬಿದ್ದದ್ದನ್ನು ತೋಟದಲ್ಲೇ ಬಿಡಬೇಡಿ ಎನ್ನುವುದು ಅಕ್ಕನ ಒತ್ತಾಯ.

19:05 ಕೋಲ್‌ಮನ್ ಕಥೆ
1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್‌ಮನ್, ಕೊಳೆರೋಗದ ಬೆನ್ನು ಹತ್ತಿದ್ದು. ಫ್ರಾನ್ಸಿನ ದ್ರಾಕ್ಷಿ ತೋಟದ ಮದ್ದು ಬೋರ್ಡೋ ದ್ರಾವಣ ನಮ್ಮ ತೋಟಕ್ಕೂ ಬಂತು.

31:40 ತುತ್ತ, ಸುಣ್ಣ, ಕತ್ತಿ
ಸಂಚಿಕೆಯ ಜೀವಾಳ ಇದು. ಶೇಕಡ 1ರ ಬೋರ್ಡೋಗೆ ಮೈಲುತುತ್ತ 1 ಕೆಜಿ 50 ಲೀಟರ್ ನೀರಿನಲ್ಲಿ, ಸುಟ್ಟ ಸುಣ್ಣ 1 ಕೆಜಿ ಇನ್ನೊಂದು 50 ಲೀಟರ್‌ನಲ್ಲಿ. ಸುಣ್ಣದ ನೀರಿಗೆ ತುತ್ತದ ನೀರು ನಿಧಾನಕ್ಕೆ ಸುರಿಯುತ್ತಾ ಕದಡಬೇಕು. ಕಬ್ಬಿಣದ ಪಾತ್ರೆ ಬೇಡವೇ ಬೇಡ. ಪರೀಕ್ಷೆಗೆ ಹೊಳಪಿನ ಕತ್ತಿ ಅದ್ದಿ ನೋಡಿ: ಕೆಂಪಗೆ ತಾಮ್ರ ಹತ್ತಿದರೆ ಸುಣ್ಣ ಸಾಲದು, ಇನ್ನಷ್ಟು ಹಾಕಿ. ಅವತ್ತು ಕಲಸಿದ್ದು ಅವತ್ತೇ ಮುಗಿಯಬೇಕು. "ಅಂಗಡಿ ಸುಣ್ಣ ಗಾಳಿ ಹಿಡಿದಿದ್ದರೆ ಲೆಕ್ಕವೆಲ್ಲ ತಪ್ಪುತ್ತೆ" ಎನ್ನುತ್ತಾರೆ ಕೊನೆಗಾರರು.

52:30 ಯಾವಾಗ?
ಮಳೆಗಾಲ ಶುರುವಾಗುವ ಮುಂಚೆ ಒಂದು, 40-45 ದಿನಕ್ಕೆ ಇನ್ನೊಂದು. ಅಕ್ಕ ಪಟ್ಟು ಬಿಡುವುದಿಲ್ಲ: ಕಲೆ ಕಂಡ ಮೇಲೆ ಹೊಡೆದರೆ ಉಳಿದ ಕಾಯಿ ಕಾಯಬಹುದು, ಹೋದದ್ದು ಬರುವುದಿಲ್ಲ. ಕೊನೆಗಾರರ ಉತ್ತರವೂ ಸರಿಯೇ: "ಎಲ್ಲರಿಗೂ ಒಂದೇ ವಾರ ಬೇಕು. ನಾನು ಎಷ್ಟು ಮರ ಹತ್ತಲಿ?"

1:08:20 ಮರ ಹತ್ತುವವರು ಎಲ್ಲಿ?
ಜಾರುವ ಮರ, ಕೂಲಿ, ಮಕ್ಕಳು ಬೆಂಗಳೂರಿಗೆ ಹೋದದ್ದು. ದೋಟಿಯಿಂದ ಹೊಡೆಯುವುದರ ಬಗ್ಗೆ ಕೊನೆಗಾರರು ಗೊಣಗುತ್ತಾರೆ, ಆದರೆ ಜೀವಕ್ಕೆ ಅದೇ ವಾಸಿ ಎಂದು ಒಪ್ಪುತ್ತಾರೆ. ಇಲ್ಲಿ ಸುಮ್ನೆ ಕೇಳಿ, ಬರೆದರೆ ರುಚಿ ಹೋಗುತ್ತದೆ.

1:26:10 ಕೇಳುಗರ ಪ್ರಶ್ನೆ
ಅಡಿಕೆ ಕೊನೆಗೆ ಕೊಟ್ಟೆ ಕಟ್ಟಿದರೆ ಸಾಲದಾ? ಕಾಯಿಗೆ ನೀರು ತಾಗದಂತೆ ಕಾಯುತ್ತದೆ, ಆದರೆ ಪ್ರತಿ ಕೊನೆಗೂ ಕಟ್ಟುವ ಕೆಲಸ ಜಾಸ್ತಿ. ಸುಳಿಗೆ ಕೊಳೆ ಇಳಿದ ಮರದ ಪ್ರಶ್ನೆ 1:33:45ಕ್ಕೆ ಇದೆ. ಎಲೆಚುಕ್ಕಿ ರೋಗದ ಬಗ್ಗೆ ಕೇಳಿದವರಿಗೆ: ಅದು ಬೇರೆ ಶಿಲೀಂಧ್ರದ್ದು, ಮುಂದಿನ ಸಂಚಿಕೆ ಪೂರ್ತಿ ಅದಕ್ಕೇ.