ದಾಳ, ಇಸ್ಪೀಟ್ ಎಲೆಯ ಲೆಕ್ಕಗಳು

ಹತ್ತನೇ ತರಗತಿ, ಕನ್ನಡ ಮಾಧ್ಯಮ, ಬದಿಯಡ್ಕ. ಉತ್ತರ ಸರಳ ಭಿನ್ನರಾಶಿಯಲ್ಲೇ ಇರಲಿ.

1. ಒಂದು ದಾಳ ಉರುಳಿಸಿದರೆ 4ಕ್ಕಿಂತ ಜಾಸ್ತಿ ಬೀಳುವ ಸಂಭವನೀಯತೆ ಎಷ್ಟು?
5 ಅಥವಾ 6. 2/6 = 1/3.

2. ಶಾಲಾ ಮೇಳದ ಅಂಗಡಿಯೊಂದರಲ್ಲಿ ಒಂದು ಕೆಂಪು, ಒಂದು ಬಿಳಿ ದಾಳ ಇವೆ. ಮೊತ್ತ 7 ಬಂದರೆ ಕಡಲೆ ಮಿಠಾಯಿ. ಮಿಠಾಯಿ ಸಿಗುವ ಸಂಭವನೀಯತೆ?
ಒಟ್ಟು 6 × 6 = 36 ಫಲಿತಗಳು. ಮೊತ್ತ 7 ಆಗುವುದು (1,6), (2,5), (3,4), (4,3), (5,2), (6,1). 6/36 = 1/6.
ಇಲ್ಲಿ ನಿಧಾನಿಸಿ. ಕೆಂಪಿನಲ್ಲಿ 3, ಬಿಳಿಯಲ್ಲಿ 4 ಬೇರೆ. ಕೆಂಪಿನಲ್ಲಿ 4, ಬಿಳಿಯಲ್ಲಿ 3 ಬೇರೆ. ಎರಡೂ ಒಂದೇ ಅಂತ ಸುಮ್ನೆ ಬಿಟ್ಟರೆ ಉತ್ತರ ತಪ್ಪುತ್ತದೆ. ದಾಳಗಳ ಬಣ್ಣ ಒಂದೇ ಆದರೂ ಲೆಕ್ಕ ಬದಲಾಗುವುದಿಲ್ಲ.

3. 52 ಎಲೆಗಳ ಕಟ್ಟಿನಿಂದ ಒಂದು ಎಲೆ ತೆಗೆದರೆ ಅದು ರಾಜ ಆಗುವ ಸಂಭವನೀಯತೆ?
4/52 = 1/13.

4. ಅದೇ ಕಟ್ಟು. ಕೆಂಪು ಎಲೆ ಅಥವಾ ಚಿತ್ರದ ಎಲೆ (ರಾಜ, ರಾಣಿ, ಗುಲಾಮ) ಬರುವ ಸಂಭವನೀಯತೆ?
ಕೆಂಪು 26. ಚಿತ್ರದ್ದು 12, ಆದರೆ ಅದರಲ್ಲಿ 6 ಕೆಂಪಿನಲ್ಲೇ ಎಣಿಸಿ ಆಯ್ತಲ್ವಾ? ಕಪ್ಪಿನ 6 ಮಾತ್ರ ಸೇರಿಸಿ. 32/52 = 8/13.