ಹುಣಸೆ ಮರದ ಕೆಳಗೆ, ಗುಡ್ಡಗಾಡು ಓಟಕ್ಕೆ ಮುಕ್ಕಾಲು ಗಂಟೆ ಮುಂಚೆ

ಬನ್ರೇ ಇಲ್ಲಿ, ಈ ಮರದ ಕೆಳಗೆ. ಹುಲ್ಲಲ್ಲಿ ಕೂರಬೇಡಿ, ಇಬ್ಬನಿ ಇದೆ, ಚಡ್ಡಿ ಒದ್ದೆಯಾದ್ರೆ ತೊಡೆ ಉಜ್ಜುತ್ತೆ. ಬ್ಯಾಗ್ ಮೇಲೆ ಕೂತ್ಕೊಳ್ಳಿ. ಸ್ವೆಟರ್ ಈಗಲೇ ತೆಗೀಬೇಡಿ. ಆರು ಜನವೂ ಇದ್ದೀರಾ? ಪುಟ್ಟಿ ಎಲ್ಲಿ? ಮತ್ತೆ ಟಾಯ್ಲೆಟ್ಟಿಗಾ? ಬರಲಿ, ಕಾಯೋಣ. ನಗಬೇಡ್ರೇ, ಬಸ್ಸು ಇಳಿದಾಗಿನಿಂದ ನೀವೂ ಮೂರು ಮೂರು ಸಲ ಹೋಗಿ ಬಂದಿದ್ದೀರ, ನಾನು ಎಣಿಸಿದ್ದೀನಿ.

ಬಂದ್ಯಾ? ಕೂತ್ಕೋ.

ಸಕಲೇಶಪುರದಿಂದ ಹಾಸನದವರೆಗೆ ಬಸ್ಸಲ್ಲಿ ಒಬ್ಬಳೂ ಬಾಯಿ ಬಿಡಲಿಲ್ಲ. ದಿನಾ ತಲೆ ತಿನ್ನೋ ಫಾತಿಮಾ ಕೂಡ ಕಿಟಕಿ ಕಡೆ ಮುಖ ಮಾಡ್ಕೊಂಡು ಕೂತಿದ್ದಳು. ನನಗೆ ಆಗಲೇ ಗೊತ್ತಾಯ್ತು. ಈಗ ಎದೆ ಡವಡವ ಅಂತಿದೆ, ಅಂಗೈ ತಣ್ಣಗಿದೆ, ಬಾಯಿ ಒಣಗಿದೆ, ತಿಂದ ಎರಡು ಇಡ್ಲಿ ಹೊಟ್ಟೇಲಿ ತಿರುಗ್ತಾ ಇದೆ. ಹೌದು ತಾನೇ? ಇದು ಕಾಯಿಲೆ ಅಲ್ಲ, ಹೇಡಿತನವೂ ಅಲ್ಲ. ಓಡಬೇಕು ಅಂತ ಮೈಗೆ ಗೊತ್ತಾಗಿದೆ. ಅಡ್ರಿನಲಿನ್ ಅನ್ನೋ ಹಾರ್ಮೋನು ರಕ್ತಕ್ಕೆ ಬಂದಿದೆ. ಅದು ಗುಂಡಿಗೆಯನ್ನ ಜೋರು ಮಾಡುತ್ತೆ, ಹೊಟ್ಟೆಗೆ ಹೋಗೋ ರಕ್ತವನ್ನ ಕಾಲಿನ ಕಡೆ ತಿರುಗಿಸುತ್ತೆ. ಅದಕ್ಕೇ ಹೊಟ್ಟೆ ಕಲಸಿದ ಹಾಗಾಗೋದು. ತೋಟದಲ್ಲಿ ಕಾಡುಹಂದಿ ಎದುರಾದ್ರೂ ಮೈ ಇದನ್ನೇ ಮಾಡೋದು. ಇಲ್ಲಿ ಹಂದಿ ಇಲ್ಲ, ಅಷ್ಟೇ ವ್ಯತ್ಯಾಸ.

ವಿಸಿಲ್ ಊದಿ ನೂರು ಹೆಜ್ಜೆ ಹಾಕೋದ್ರೊಳಗೆ ಈ ನಡುಕ ಹೋಗುತ್ತೆ. ನಡುಕದಿಂದ ನನಗೆ ಭಯ ಇಲ್ಲ. ನನಗಿರೋ ಭಯ ಬೇರೆ: ಈ ಹಾರ್ಮೋನು ನಿಮಗೊಂದು ಸುಳ್ಳು ಹೇಳುತ್ತೆ. ಮೊದಲ ಐನೂರು ಮೀಟರು ಕಾಲು ಹತ್ತಿಯಷ್ಟು ಹಗುರ ಅನ್ಸುತ್ತೆ. ‘ಇವತ್ತು ನಾನು ಬೇರೆ ಥರ ಓಡ್ತಿದ್ದೀನಿ’ ಅಂತ ಅನ್ಸುತ್ತೆ. ನಂಬಬೇಡಿ. ಮೊನ್ನೆ ಗುರುವಾರ ಸ್ಕೂಲ್ ಫೀಲ್ಡಲ್ಲಿ ಓಡಿದ ಅದೇ ಕಾಲು ಇವು.

ನಾನು ನಂಬಿ ಕೆಟ್ಟಿದ್ದೀನಿ, ಅದಕ್ಕೆ ಹೇಳ್ತಿರೋದು. ಹತ್ತನೇ ಕ್ಲಾಸಲ್ಲಿದ್ದಾಗ ಜಿಲ್ಲಾ ಮಟ್ಟದ ಓಟ. ವಿಸಿಲ್ ಆಗಿದ್ದೇ ತಡ, ಬಾಲಕ್ಕೆ ಬೆಂಕಿ ಬಿದ್ದ ಕರು ಥರ ಓಡಿದೆ. ಮೊದಲ ತಿರುವಿಗೆ ನಾನೇ ಮುಂದೆ! ಜನ ಚಪ್ಪಾಳೆ ತಟ್ಟಿದ್ರು, ನಮ್ಮ ಮೇಷ್ಟ್ರು ಟವೆಲ್ ಬೀಸಿದ್ರು. ಎರಡನೇ ಕಿಲೋಮೀಟರಿಗೆ ತೊಡೆ ಕಲ್ಲಾಯ್ತು. ಮೂರನೇದರಲ್ಲಿ ನಡೆದೆ. ಅಳ್ತಾ ನಡೆದೆ, ಅದೂ ನಿಜ. ಮೂವತ್ತೊಂದನೇಯವಳಾಗಿ ಬಂದೆ. ನನ್ನನ್ನ ದಾಟಿ ಹೋದವರಲ್ಲಿ ಅರ್ಧಕ್ಕರ್ಧ ನನಗಿಂತ ನಿಧಾನ ಓಡೋರೇ. ಅವರು ಮೊದಲಿಗೆ ಸುಮ್ನೆ ಇದ್ರು, ಅಷ್ಟೇ.

ಈಗ ಲೆಕ್ಕಕ್ಕೆ ಬನ್ನಿ. ಓಟ 4 ಕಿಲೋಮೀಟರು, ಎರಡು ಕಿಲೋಮೀಟರಿನ ಎರಡು ಸುತ್ತು. ನಮ್ಮ ಫೀಲ್ಡಿನ ಟ್ರ್ಯಾಕ್ 200 ಮೀಟರು. ಅದರಲ್ಲಿ ಒಂದು ರೌಂಡಿಗೆ ಎಷ್ಟು? ಜೋರಾಗಿ ಹೇಳ್ರೇ. ಹ್ಞಾಂ, 54 ಸೆಕೆಂಡ್. ಐದು ರೌಂಡ್ ಅಂದ್ರೆ ಕಿಲೋಮೀಟರಿಗೆ ನಾಲ್ಕೂವರೆ ನಿಮಿಷ, ಒಟ್ಟು 18 ನಿಮಿಷ. ಸೌಮ್ಯ, ರಕ್ಷಿತಾ, ಫಾತಿಮಾ, ಚಂದನ, ನಿಮ್ಮ ನಾಲ್ವರದ್ದು ಇದೇ. ಕಾವ್ಯ, ಪುಟ್ಟಿ, ನೀವು ರೌಂಡಿಗೆ 60 ಸೆಕೆಂಡ್, ಕಿಲೋಮೀಟರಿಗೆ ಐದು ನಿಮಿಷ. ಆ ನಾಲ್ವರ ಜೊತೆ ಹೋಗಬೇಕು ಅಂತ ಹಟ ಬೇಡ. ನಿಮ್ಮಿಬ್ಬರದ್ದು ಬೇರೆ ಬಸ್ಸು, ಇಬ್ಬರೂ ಒಂದೇ ಸೀಟಲ್ಲಿ ಬನ್ನಿ.

ಇಲ್ಲಿ ನೆಲ ಫೀಲ್ಡಿನ ಥರ ಸಮ ಇಲ್ಲ. ಹಾಗಾಗಿ ಗಡಿಯಾರಕ್ಕಿಂತ ಉಸಿರು ನೋಡಿ. ಮೊದಲ ಸುತ್ತಲ್ಲಿ ಪಕ್ಕದವಳಿಗೆ ಮೂರ್ನಾಲ್ಕು ಪದ ಹೇಳೋಕೆ ಆಗಬೇಕು. ‘ಮುಂದೆ ಕೆಸರಿದೆ ಕಣೇ’ ಅನ್ನೋಕಾದ್ರೆ ಸರಿಯಾಗಿದೆ. ಒಂದು ಪದವೂ ಹೊರಡ್ತಿಲ್ಲ ಅಂದ್ರೆ ಜಾಸ್ತಿಯಾಯ್ತು. ಕಥೆ ಹೇಳೋಕೆ ಆಗ್ತಿದೆ ಅಂದ್ರೆ ಸೋಮಾರಿತನ. ಫಾತಿಮಾ, ನಿನಗೆ ಈ ಕೊನೇ ಲೆಕ್ಕ ಅನ್ವಯಿಸಲ್ಲ, ನೀನು ಹೇಗಿದ್ರೂ ಮಾತಾಡ್ತೀಯ.

ನಿನ್ನೆ ಸಂಜೆ ಬಂದು ದಾರಿ ಪೂರ್ತಿ ನಡೆದು ನೋಡಿದ್ದೀನಿ. ಮೈದಾನದಲ್ಲಿ ಮುನ್ನೂರು ಮೀಟರು ನೇರ. ಆಮೇಲೆ ಬೇಲಿ ಮಧ್ಯೆ ಒಂದು ಗೇಟು, ಅದರಲ್ಲಿ ಮೂರು ಜನ ಒಟ್ಟಿಗೆ ನುಗ್ಗಿದ್ರೆ ಹೆಚ್ಚು. ಎಲ್ಲ ತಲೆ ಕೆಡೋದು ಅಲ್ಲೇ. ಎಲ್ರೂ ಆ ಗೇಟಿಗೆ ಮೊದಲು ಮುಟ್ಟಬೇಕು ಅಂತ ನೂರು ಮೀಟರ್ ಓಟದ ಥರ ಓಡ್ತಾರೆ. ನೀವು ತೀರಾ ಹಿಂದೆ ಉಳೀಬೇಡಿ, ಉಳಿದ್ರೆ ಅಲ್ಲಿ ನಿಂತು ಕಾಯಬೇಕಾಗುತ್ತೆ. ಗುಂಪಿನ ಮಧ್ಯದಲ್ಲಿ, ಹೊರಗಿನ ಅಂಚಲ್ಲಿ ಇರಿ. ಮೊಣಕೈ ಸ್ವಲ್ಪ ಅಗಲ ಇಟ್ಕೊಳ್ಳಿ, ಯಾರನ್ನೂ ತಳ್ಳೋಕಲ್ಲ, ನಿಮ್ಮ ಜಾಗ ಉಳಿಸ್ಕೊಳ್ಳೋಕೆ. ನಿಮ್ಮ ಮುಂದೆ ಇಪ್ಪತ್ತು ಜನ ಇದ್ರೆ ಇರಲಿ. ಗೇಟು ದಾಟಿದ್ರೆ ಜಲ್ಲಿ ಮಣ್ಣಿನ ರಸ್ತೆ, ಅದಾದ ಮೇಲೆ ಕೆರೆ ಏರಿ. ಅಲ್ಲಿ ಬೇಕಾದಷ್ಟು ಅಗಲ ಇದೆ.

ಕೆರೆ ತೂಬಿನ ಹತ್ತಿರ ನಾನು ನಿಂತಿರ್ತೀನಿ. ಅಲ್ಲಿಗೆ ಸರಿಯಾಗಿ ಒಂದು ಕಿಲೋಮೀಟರು. ನಿಮ್ಮ ಜೊತೆ ಪಕ್ಕದಲ್ಲಿ ಓಡೋ ಹಾಗಿಲ್ಲ ನಾನು, ಕೂಗಬಹುದು ಅಷ್ಟೇ. ನಾಲ್ಕೂವರೆ ನಿಮಿಷಕ್ಕಿಂತ ಬೇಗ ಬಂದ್ರೆ ‘ಕಾಫಿ ಆರಲಿ!’ ಅಂತೀನಿ. ಅಂದ್ರೆ ಬಾಯಿ ಸುಟ್ಕೊಳ್ತಿದ್ದೀರ, ಭುಜ ಸಡಿಲ ಬಿಡಿ, ಒಂದೈವತ್ತು ಹೆಜ್ಜೆ ಉಸಿರು ಹಿಡಿತಕ್ಕೆ ತಗೊಳ್ಳಿ. ಏನೂ ಹೇಳದೆ ತಲೆ ಆಡಿಸಿದ್ರೆ ಸರಿಯಿದೆ. ಎರಡನೇ ಸುತ್ತಲ್ಲಿ ಅದೇ ಜಾಗಕ್ಕೆ ಬಂದಾಗ ‘ಕುಡೀರಿ!’ ಅಂತೀನಿ. ಆಗ ಒಳಗಿರೋದೆಲ್ಲ ಹೊರಗೆ ತೆಗೀಬಹುದು.

ಏರಿ ಮುಗಿದ ಮೇಲೆ ನೀಲಗಿರಿ ತೋಪಿನ ಏರು. ಇನ್ನೂರೈವತ್ತು ಮೀಟರು ಇರಬಹುದು. ನಮ್ಮ ತೋಟಗಳ ಏರು ನೋಡಿದವರಿಗೆ ಇದು ಏನೂ ಅಲ್ಲ, ಆದ್ರೂ ಬುದ್ಧಿಯಿಂದ ಹತ್ತಿ. ಚಂದನ, ನೀನು ದಿನಾ ಲೈನ್ ಮನೆಯಿಂದ ಮೇನ್ ರೋಡಿಗೆ ಹೇಗೆ ಹತ್ತಿ ಬರ್ತೀಯ? ಚಿಕ್ಕ ಹೆಜ್ಜೆ, ಕೈ ಬೀಸು, ಕಣ್ಣು ನಾಲ್ಕು ಮಾರು ಮುಂದೆ. ಅಷ್ಟೇ. ಏರಲ್ಲಿ ವೇಗ ಕಡಿಮೆ ಆಗುತ್ತೆ, ಆಗಲಿ. ಶ್ರಮ ಒಂದೇ ಥರ ಇರಬೇಕು, ವೇಗ ಅಲ್ಲ. ಅಲ್ಲಿ ಯಾರಾದ್ರೂ ದಾಪುಗಾಲು ಹಾಕಿ ನಿಮ್ಮನ್ನ ದಾಟಿದ್ರೆ ದಾರಿ ಬಿಡಿ. ತುದಿ ಮುಟ್ಟಿದ ತಕ್ಷಣ ಎಲ್ರೂ ‘ಉಸ್ಸಪ್ಪಾ’ ಅಂತ ನಿಧಾನ ಆಗ್ತಾರಲ್ಲ, ನಿಮ್ಮ ಸಮಯ ಅದು. ತುದಿಯಿಂದಾಚೆ ಹತ್ತು ಹೆಜ್ಜೆ ಅದೇ ಲಯದಲ್ಲಿ ಓಡಿ, ದಾಟಿದವಳು ಮತ್ತೆ ಕೈಗೆ ಸಿಗ್ತಾಳೆ. ಇಳಿಜಾರಲ್ಲಿ ಹಿಮ್ಮಡಿ ಊರಿ ಬ್ರೇಕ್ ಹಾಕಬೇಡಿ, ಮೈಯನ್ನ ಸ್ವಲ್ಪ ಮುಂದಕ್ಕೆ ಬಿಡಿ. ನೀಲಗಿರಿ ಎಲೆ ಒದ್ದೆಯಾಗಿ ಜಾರ್ತಿದೆ, ಎಡಗಡೆ ಮಣ್ಣು ಕಾಣೋ ಕಡೆ ಕಾಲಿಡಿ.

ಪಾವೊ ನೂರ್ಮಿ ಅಂತ ಫಿನ್‌ಲೆಂಡಿನ ಓಟಗಾರ ಇದ್ದ. ಕೈಯಲ್ಲಿ ಸ್ಟಾಪ್‌ವಾಚ್ ಹಿಡ್ಕೊಂಡೇ ರೇಸ್ ಓಡೋನು. ಪಕ್ಕದಲ್ಲಿ ಯಾರು ಓಡ್ತಿದ್ದಾರೆ ಅಂತ ನೋಡೋದಕ್ಕಿಂತ ವಾಚ್ ನೋಡಿದ್ದೇ ಹೆಚ್ಚು. 1924ರಲ್ಲಿ ಪ್ಯಾರಿಸ್ ಒಲಿಂಪಿಕ್ಸಲ್ಲಿ ನಮ್ಮದೇ ಈ ಗುಡ್ಡಗಾಡು ಓಟ ಇತ್ತು. ಭಯಂಕರ ಬಿಸಿಲು. 38 ಜನ ಶುರು ಮಾಡಿದ್ರು, ಮುಗಿಸಿದ್ದು 15 ಜನ. ದಾರೀಲಿ ಬಿದ್ದವರೆಲ್ಲ ಅವರವರ ದೇಶದ ಹುಲಿಗಳೇ. ನೂರ್ಮಿ ಗೆದ್ದ. ಆ ಓಟ ಆದ ಮೇಲೆ ಗುಡ್ಡಗಾಡು ಓಟವನ್ನೇ ಒಲಿಂಪಿಕ್ಸಿಂದ ತೆಗೆದುಬಿಟ್ರು. ಇವತ್ತು ನಿಮಗೆ ಆ ಬಿಸಿಲಿಲ್ಲ, ಮಂಜಿದೆ, ಅದೃಷ್ಟವಂತರು ನೀವು. ನಿಮ್ಮ ಕೈಯಲ್ಲಿ ವಾಚೂ ಇಲ್ಲ, ವಾಚು ತೂಬಿನ ಹತ್ತಿರ ನನ್ನ ಕೈಯಲ್ಲಿರುತ್ತೆ.

ಅಲ್ಲಿ ನೀಲಿ ಟ್ರ್ಯಾಕ್‌ಸೂಟ್ ಹಾಕ್ಕೊಂಡಿರೋರನ್ನ ಎಲ್ರೂ ಕದ್ದು ಕದ್ದು ನೋಡ್ತಿದ್ದೀರ. ಹೌದು, ಕ್ರೀಡಾ ಹಾಸ್ಟೆಲ್ ಮಕ್ಕಳು, ಸ್ಪೈಕ್ಸ್ ಇದೆ ಅವರ ಹತ್ತಿರ. ಚೆನ್ನಾಗಿ ಓಡ್ತಾರೆ, ಸುಳ್ಳು ಹೇಳಲ್ಲ ನಾನು. ಮೊದಲ ಮೂರು ಸ್ಥಾನ ಅವರದ್ದೇ ಆಗಬಹುದು. ಅವರ ಹಿಂದೆ ಬೀಳಬೇಡಿ. ಟೀಮ್ ಲೆಕ್ಕ ಹೇಗೆ ಅಂತ ನೆನಪಿದೆಯಲ್ಲ? ಆರು ಜನ ಓಡಿದ್ರೂ ಮೊದಲು ಬಂದ ನಾಲ್ವರ ಸ್ಥಾನ ಕೂಡ್ತಾರೆ, ಕಡಿಮೆ ಬಂದವರು ಗೆದ್ದ ಹಾಗೆ. ಒಂದು ಸ್ಕೂಲಿನವರು 1, 30, 40, 50 ಅಂತ ಬಂದ್ರೆ 121. ನೀವು 12, 15, 18, 25 ಅಂತ ಬಂದ್ರೆ 70. ಒಬ್ಬಳೂ ಮೊದಲ ಹತ್ತರಲ್ಲಿ ಇಲ್ಲದೆ ಗೆಲ್ಲಬಹುದು! ಅದಕ್ಕೆ ಸೌಮ್ಯ, ಶಾಲೆ ಮಾನ ಎಲ್ಲ ನಿನ್ನ ತಲೆ ಮೇಲೆ ಅಂತ ಒದ್ದಾಡಬೇಡ. ನಾಲ್ಕನೇಯವಳು ಕೊನೇಲಿ ಇಬ್ಬರನ್ನ ದಾಟಿದ್ರೆ, ನೀನು ಮುಂದೆ ಇಬ್ಬರನ್ನ ದಾಟಿದಷ್ಟೇ ಬೆಲೆ. ಪುಟ್ಟಿ, ಕಾವ್ಯ, ನಮ್ಮವಳು ಯಾರಾದ್ರೂ ಕಾಲು ಉಳುಕಿಸ್ಕೊಂಡ್ರೆ ಲೆಕ್ಕಕ್ಕೆ ಬರೋರು ನೀವು. ಅದಲ್ಲದೆ ಬೇರೆ ಸ್ಕೂಲಿನ ನಾಲ್ಕನೇಯವಳನ್ನ ದಾಟಿದ್ರೆ ಅವರ ಲೆಕ್ಕ ಏರುತ್ತೆ. ಹಾಗಾಗಿ ಸುಮ್ನೆ ಬಂದಿಲ್ಲ ನೀವು.

ಪಕ್ಕೆ ಹಿಡಿದ್ರೆ ನಿಲ್ಲಬೇಡಿ. ಸ್ವಲ್ಪ ನಿಧಾನ ಮಾಡಿ, ನೋಯೋ ಜಾಗ ಬೆರಳಲ್ಲಿ ಒತ್ತಿ, ಒಲೆ ಊದೋ ಥರ ಉದ್ದಕ್ಕೆ ಉಸಿರು ಬಿಡಿ. ಬಿದ್ರೆ ಏಳಿ, ಮಂಡಿ ಆಮೇಲೆ ನೋಡೋಣ. ತಲೆ ಸುತ್ತಿ ಕಣ್ಣು ಕತ್ತಲೆ ಬಂದ್ರೆ ಮಾತ್ರ ಹಟ ಮಾಡಬೇಡಿ, ಅಲ್ಲೇ ಕೂತು ಕೈ ಎತ್ತಿ. ಅದಕ್ಕೆ ನಾನು ಯಾರನ್ನೂ ಬೈಯಲ್ಲ. ಮುಟ್ಟಾಗಿದ್ರೆ ಈಗಲೇ ಕಿವೀಲಿ ಹೇಳಿ, ಪ್ಯಾಡ್ ನನ್ನ ಬ್ಯಾಗಲ್ಲಿದೆ. ಓಡಬಹುದು. ಹೊಟ್ಟೆನೋವು ಜೋರಿದ್ರೆ ಓಡದೆ ಇರಲೂಬಹುದು.

ಕೊನೇ ಮುನ್ನೂರು ಮೀಟರು ಮತ್ತೆ ಇದೇ ಮೈದಾನ. ಗೇಟು ದಾಟಿದ ಮೇಲೆ ಬೇರೆಯವರ ಬೆನ್ನ ಮೇಲಿನ ನಂಬರ್ ಒಂದೊಂದೇ ಓದ್ತಾ ಬನ್ನಿ. ಓದಿದವಳನ್ನ ಹಿಡೀರಿ, ಆಮೇಲೆ ಇನ್ನೊಂದು ನಂಬರ್. ಗೆರೆ ದಾಟಿದ ಮೇಲೆ ಧೊಪ್ಪಂತ ಬೀಳಬೇಡಿ, ನಡೀತಾ ಇರಿ, ಸಾಲು ಬಿಡಬೇಡಿ. ಸ್ಥಾನದ ಚೀಟಿ ಕೊಡ್ತಾರೆ, ಅದನ್ನ ಕಳೆದ್ರೆ ನಾನು ನಿಜವಾಗ್ಲೂ ಬೈತೀನಿ.

ಆಯ್ತು, ಏಳಿ. ಹತ್ತು ನಿಮಿಷ ನಿಧಾನಕ್ಕೆ ಜಾಗಿಂಗ್, ಆಮೇಲೆ ನಾಲ್ಕು ಸಲ ಎಂಬತ್ತು ಮೀಟರು ಸ್ವಲ್ಪ ಬಿರುಸಾಗಿ. ನೀರು ಎರಡು ಗುಟುಕು ಸಾಕು. ಲೇಸು ಎರಡು ಗಂಟು ಹಾಕಿ ತುದಿ ಒಳಗೆ ಸಿಕ್ಕಿಸಿ. ರಕ್ಷಿತಾ, ಬರಿಗಾಲಲ್ಲೇ ಓಡ್ತೀಯ ತಾನೇ? ಸರಿ, ಅದೇ ಅಭ್ಯಾಸ ನಿನಗೆ, ಯಾರೋ ಶೂ ಕೊಟ್ರು ಅಂತ ಹಾಕ್ಕೋಬೇಡ. ಚಂದನ, ನಂಬರಿನ ಒಂದು ಪಿನ್ನು ಬಿಚ್ಚಿದೆ, ಬಾ ಇಲ್ಲಿ. ಸ್ವೆಟರ್‌ಗಳನ್ನ ಗೆರೆ ಹತ್ತಿರ ನನ್ನ ಕೈಗೆ ಕೊಡಿ, ನೆಲಕ್ಕೆ ಹಾಕಬೇಡಿ.

ಪುಟ್ಟಿ, ಮತ್ತೆಲ್ಲಿಗೆ ಹೊರಟೆ? ಹೋಗು, ಹೋಗಿ ಬಾ. ಕಾವ್ಯ, ನೀನೂ ಜೊತೇಲಿ ಹೋಗು.